ಸ್ಪ್ಯಾನಿಷ್‌ನ "ಮಾಡುತ್ತಾ" ರೂಪ: ಇಂಗ್ಲಿಷ್‌ನ ಇಂಗ್ ಹಿಡಿದು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪ್ಯಾನಿಷ್ ಕಲಿಯುತ್ತಿರುವ ಕನ್ನಡಿಗರು ಮಾತಿನ ನಡುವೆ, ಪತ್ರದಲ್ಲಿ, ಕಾಮೆಂಟಿನಲ್ಲಿ ಕೇಳಿದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ. ಸ್ಪ್ಯಾನಿಷ್ ಮಾತುಗಳನ್ನು ಕಿವಿಗೆ ಬೀಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಅದೂ ಲ್ಯಾಟಿನ್ ಅಮೆರಿಕದ ಉಚ್ಚಾರಣೆಯಲ್ಲಿ. ಸ್ಪೇನ್‌ನಲ್ಲಿ ಕಲಿತವರಿಗೆ ಕೆಲವು ಕಡೆ "ಸ" ಬದಲು ಬೇರೆ ಸದ್ದು ಕೇಳಿಸಿರುತ್ತದೆ, ವ್ಯಾಕರಣ ಮಾತ್ರ ಅದೇ.

## ಶುರುವಿನ ಪ್ರಶ್ನೆಗಳು

"ಹೆರುಂದಿಯೊ ಅಂದ್ರೆ ಇಂಗ್ಲಿಷಿನ ಇಂಗ್ ತಾನೇ? ಇದಕ್ಕೆ ಇಷ್ಟು ದೊಡ್ಡ ಪಾಠ ಯಾಕೆ?"

ಅಲ್ಲ. ಹಾಗೆ ಅಂದುಕೊಳ್ಳುವುದರಿಂದಲೇ ಮುಕ್ಕಾಲು ಪಾಲು ತಪ್ಪುಗಳು ಹುಟ್ಟುತ್ತವೆ. ಇಂಗ್ಲಿಷಿನ "ಸಿಂಗಿಂಗ್" ಒಂದೇ ಪದ ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಆ ಮೂರಕ್ಕೂ ಬೇರೆ ಬೇರೆ ರೂಪ ಇದೆ: ಹಾಡುವುದು, ಹಾಡುವ, ಹಾಡುತ್ತಾ. ಸ್ಪ್ಯಾನಿಷ್‌ನಲ್ಲೂ ಬೇರೆ ಬೇರೆಯೇ, ಮತ್ತು ಗೆರೆ ಹೆಚ್ಚುಕಡಿಮೆ ನಾವು ಎಳೆದ ಜಾಗದಲ್ಲೇ ಬೀಳುತ್ತದೆ.

"ಹಾಡುವುದು ಕಷ್ಟ" ಅನ್ನಬೇಕಾದರೆ "ಕಂತಾರ್ ಎಸ್ ದಿಫೀಸಿಲ್". ಇಲ್ಲಿ "ಕಂತಾರ್" ಇನ್ಫಿನಿಟಿವ್, ಅಂದರೆ ನಿಘಂಟಿನಲ್ಲಿ ಸಿಗುವ ರೂಪ. "ಹಾಡುವ ಹುಡುಗ" ಅನ್ನಬೇಕಾದರೆ "ಎಲ್ ನಿನ್ಯೊ ಕೆ ಕಂತಾ", "ಕೆ" ಹಾಕಿ ಮಾಮೂಲಿ ಕ್ರಿಯಾಪದ. "ಹಾಡುತ್ತಾ ಒಳಗೆ ಬಂದ" ಅನ್ನುವಾಗ ಮಾತ್ರ "ಎಂತ್ರೊ ಕಂತಾಂದೊ". ಈ ಕೊನೆಯ "ಕಂತಾಂದೊ" ಇದೆಯಲ್ಲ, ಅದೇ ಹೆರುಂದಿಯೊ.

ಹಾಗಾಗಿ ವಾಕ್ಯ ಕಟ್ಟುವ ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿ ನೋಡಿ. "-ವುದು" ಬಂದರೆ ಇನ್ಫಿನಿಟಿವ್, "-ವ" ಬಂದು ನಾಮಪದಕ್ಕೆ ಅಂಟಿಕೊಂಡರೆ "ಕೆ", "-ತ್ತಾ" ಅಥವಾ ಆಡುಮಾತಿನ "-ಕೊಂಡು" ಬಂದರೆ ಹೆರುಂದಿಯೊ. ಇದು ನೂರಕ್ಕೆ ನೂರು ನಡೆಯುವುದಿಲ್ಲ, ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಕೆಳಗೆ ಹೇಳುತ್ತೇನೆ. ಆದರೆ ಇಂಗ್ಲಿಷ್ ಮೂಲಕ ಹೋಗುವುದಕ್ಕಿಂತ ಸಾವಿರ ಪಾಲು ವಾಸಿ.

"ರೂಪ ಮಾಡೋದು ಹೇಗೆ? ದೊರ್ಮೀರ್ ಇದ್ದದ್ದು ದುರ್ಮಿಯೆಂದೊ ಯಾಕಾಯ್ತು?"

"-ಆರ್" ಕ್ರಿಯಾಪದಕ್ಕೆ "-ಆಂದೊ", "-ಏರ್" ಮತ್ತು "-ಈರ್" ಕ್ರಿಯಾಪದಕ್ಕೆ "-ಇಯೆಂದೊ". ಆಬ್ಲಾರ್ ಹೋಗಿ ಆಬ್ಲಾಂದೊ, ಕೊಮೇರ್ ಹೋಗಿ ಕೊಮಿಯೆಂದೊ, ಬಿಬೀರ್ ಹೋಗಿ ಬಿಬಿಯೆಂದೊ. ಗಂಡು, ಹೆಣ್ಣು, ಒಂದು, ಹಲವು ಯಾವುದಕ್ಕೂ ಬದಲಾಗುವುದಿಲ್ಲ. "ಎಯಾ ಎಸ್ತಾ ಕಂತಾಂದಾ" ಅಂತ ಕೊನೆಗೆ ಆ ಸೇರಿಸುವವರು ಇದ್ದಾರೆ, ಬೇಡ.

ಒಳಗಿನ ಸ್ವರ ಬದಲಾಗುವುದು "-ಈರ್" ಗುಂಪಿನಲ್ಲಿ. ಪೆದೀರ್ ಪಿದಿಯೆಂದೊ ಆಗುತ್ತದೆ, ದೆಸೀರ್ ದಿಸಿಯೆಂದೊ, ದೊರ್ಮೀರ್ ದುರ್ಮಿಯೆಂದೊ, ಮೊರೀರ್ ಮುರಿಯೆಂದೊ. "-ಏರ್" ಗುಂಪಿನಲ್ಲಿ ಹೀಗೆ ಬದಲಾಗುವ ಪದ ಅಂತ ನೆನಪಿಡಬೇಕಾದದ್ದು ಪೊದೇರ್, ಅದು ಪುದಿಯೆಂದೊ ಆಗುತ್ತದೆ. ಪೆನ್ಸಾರ್‌ಗೆ ವರ್ತಮಾನದಲ್ಲಿ "ಪಿಯೆನ್ಸೊ" ಇದೆ ಅಂತ "ಪಿಯೆನ್ಸಾಂದೊ" ಅನ್ನಬೇಡಿ, ಅದು ಬರೀ ಪೆನ್ಸಾಂದೊ. ಇನ್ನು ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಇ ಅಕ್ಷರ "ಯ" ಆಗಿಬಿಡುತ್ತದೆ: ಲೆಯೆಂದೊ, ಒಯೆಂದೊ, ತ್ರಾಯೆಂದೊ. ಈರ್ ಅನ್ನುವ ಪುಟಾಣಿ ಕ್ರಿಯಾಪದದ ಹೆರುಂದಿಯೊ "ಯೆಂದೊ".

"ಐ ಆಮ್ ಈಟಿಂಗ್ ಅನ್ನೋಕೆ ಸೊಯ್ ಕೊಮಿಯೆಂದೊ ಅಂದ್ರೆ ಟೀಚರ್ ನಗ್ತಾರೆ, ಯಾಕೆ?"

"ಆಮ್" ಅನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಸೆರ್ ಮತ್ತು ಎಸ್ತಾರ್ ಅಂತ ಎರಡು ಕ್ರಿಯಾಪದ ಇವೆ. ನಡೆಯುತ್ತಿರುವ ಕೆಲಸಕ್ಕೆ ಯಾವತ್ತೂ ಎಸ್ತಾರ್. "ಎಸ್ತೊಯ್ ಕೊಮಿಯೆಂದೊ", ತಿನ್ನುತ್ತಾ ಇದ್ದೇನೆ, ಅಷ್ಟೇ. ಇದಕ್ಕೆ ವಿನಾಯಿತಿ ಹುಡುಕುವುದೇ ಬೇಡ.

"ಅದನ್ನು" ಅನ್ನುವ "ಲೊ" ಎಲ್ಲಿ ಹಾಕಬೇಕು ಅಂತಲೂ ಇದರ ಜೊತೆಗೇ ಕೇಳುತ್ತಾರೆ. ಎರಡು ಜಾಗ ಇದೆ: "ಲೊ ಎಸ್ತೊಯ್ ಲೆಯೆಂದೊ" ಅಂತ ಮುಂದೆ, ಇಲ್ಲವೇ "ಎಸ್ತೊಯ್ ಲೆಯೆಂದೊಲೊ" ಅಂತ ಬಾಲಕ್ಕೆ ಅಂಟಿಸಿ. ಅರ್ಥ ಒಂದೇ. ಬಾಲಕ್ಕೆ ಅಂಟಿಸಿದಾಗ ಬರವಣಿಗೆಯಲ್ಲಿ "ಯೆಂ" ಸ್ವರದ ಮೇಲೆ ಒತ್ತುಗುರುತು ಹಾಕಲೇಬೇಕು. ನಡುವೆ ತುರುಕಿ "ಎಸ್ತೊಯ್ ಲೊ ಲೆಯೆಂದೊ" ಅನ್ನುವುದು ಮಾತ್ರ ತಪ್ಪು.

"ನಾಳೆ ಮದ್ರಿದ್‌ಗೆ ಹೋಗ್ತಿದ್ದೀನಿ. ಇದಕ್ಕೆ ಎಸ್ತೊಯ್ ಯೆಂದೊ ಸರಿ ಅಲ್ವಾ?"

ಕನ್ನಡ ಕೈಕೊಡುವ ಮೊದಲ ಜಾಗ ಇದು. ನಾಳೆಯ ಕೆಲಸಕ್ಕೆ ನಾವೂ "ಹೋಗ್ತಿದ್ದೀನಿ" ಅನ್ನುತ್ತೇವೆ, ಇಂಗ್ಲಿಷ್‌ನವರೂ ಅನ್ನುತ್ತಾರೆ. ಸ್ಪ್ಯಾನಿಷ್‌ನವರು ಅನ್ನುವುದಿಲ್ಲ. ಎಸ್ತಾರ್ ಜೊತೆಗಿನ ಹೆರುಂದಿಯೊ ಈಗ ಸಾಗುತ್ತಿರುವ ಕೆಲಸಕ್ಕೆ ಮಾತ್ರ, ಮುಂದಿನ ಪ್ಲಾನಿಗೆ ಅಲ್ಲ. ನಾಳೆಯ ಪ್ರಯಾಣಕ್ಕೆ "ಮನ್ಯಾನಾ ಬೊಯ್ ಆ ಮದ್ರಿದ್", ಬರೀ ವರ್ತಮಾನ. "ಇವತ್ತು ರಾತ್ರಿ ಅಜ್ಜಿ ಮನೇಲಿ ಊಟ ಮಾಡ್ತಿದ್ದೀವಿ" ಅನ್ನುವುದಕ್ಕೂ "ಎಸ್ತಾ ನೋಚೆ ಸೆನಾಮೊಸ್ ಎನ್ ಕಾಸಾ ದೆ ಲಾ ಅಬ್ವೇಲಾ". ಅಲ್ಲಿ "ಎಸ್ತಾಮೊಸ್ ಸೆನಾಂದೊ" ಅಂದರೆ ಕೇಳುವವರು ನೀವು ಈಗಾಗಲೇ ತಟ್ಟೆ ಮುಂದೆ ಕೂತಿದ್ದೀರಿ ಅಂದುಕೊಳ್ಳುತ್ತಾರೆ.

ಹೋಗುವುದು, ಬರುವುದು ಈ ಎರಡರಲ್ಲಿ ಇನ್ನೂ ಒಂದು ತೊಡಕು. ದಾರಿಯಲ್ಲಿದ್ದಾಗಲೂ ಜಾಸ್ತಿ ಜನ "ಬೊಯ್" ಅಂತಲೇ ಹೇಳುತ್ತಾರೆ. "ಎಸ್ತೊಯ್ ಯೆಂದೊ" ಅರ್ಜೆಂಟೀನಾ ಕಡೆ ಸಾಕಷ್ಟು ಕೇಳಿಬರುತ್ತದೆ, ಸ್ಪೇನ್‌ನಲ್ಲಿ ಕಡಿಮೆ. ಮತ್ತೆ, ಯಾರಾದರೂ ಕರೆದಾಗ ನಾವು "ಬಂದೆ, ಬಂದೆ" ಅನ್ನುತ್ತೇವಲ್ಲ, ಸ್ಪ್ಯಾನಿಷ್‌ನವರು ಅಲ್ಲಿ "ಯಾ ಬೊಯ್" ಅನ್ನುತ್ತಾರೆ. ಅಂದರೆ ಅಕ್ಷರಶಃ "ಹೋಗ್ತೀನಿ". ಮಾತಾಡುವವನು ಇದ್ದ ಜಾಗದಿಂದ ಲೆಕ್ಕ, ಕರೆಯುವವನ ಜಾಗದಿಂದ ಅಲ್ಲ. ಬಾಗಿಲು ತಟ್ಟಿದಾಗ ಒಳಗಿಂದ "ಎಸ್ತೊಯ್ ಬಿನಿಯೆಂದೊ" ಅಂತ ಕೂಗಿದರೆ ಹೊರಗಿದ್ದವರಿಗೆ ಗೊಂದಲ.

"ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್ ಅಂತೀವಲ್ಲ, ಆ ಥರ ತೆನಿಯೆಂದೊ ಹಾಕಬಹುದಾ?"

ಬೇಡ. ಇಂಗ್ಲಿಷಿನಲ್ಲೂ ಅದು ನಮ್ಮ ದೇಶದ ಬಳಕೆ, ಸ್ಪ್ಯಾನಿಷ್‌ನಲ್ಲಂತೂ ಕಿವಿಗೆ ಚುಚ್ಚುತ್ತದೆ. "ತೆಂಗೊ ದೊಸ್ ಎರ್ಮಾನೊಸ್". ಗೊತ್ತಿರುವುದು, ಇರುವುದು, ಬೇಕಾಗಿರುವುದು ಇವೆಲ್ಲ ಸ್ಥಿತಿ, ಸಾಗುವ ಕೆಲಸ ಅಲ್ಲ. ಹಾಗಾಗಿ "ಸೆ", "ತೆಂಗೊ", "ನೆಸೆಸೀತೊ" ಅಂತ ಸರಳ ವರ್ತಮಾನ.

ಸೆರ್‌ನ ಹೆರುಂದಿಯೊ "ಸಿಯೆಂದೊ" ಒಂದು ಸಂದರ್ಭದಲ್ಲಿ ಬರುತ್ತದೆ. "ಎಸ್ತಾಸ್ ಸಿಯೆಂದೊ ಇನ್ಹುಸ್ತೊ" ಅಂದರೆ ಈಗ ನೀನು ನಡಕೊಳ್ಳುತ್ತಿರುವ ರೀತಿ ಅನ್ಯಾಯದ್ದು ಅಂತ. ಅದು ಗುಣ ಅಲ್ಲ, ನಡವಳಿಕೆ, ಅದಕ್ಕೇ ನಡೆಯುತ್ತದೆ.

ಕೆಲಸದ ವಿಷಯದಲ್ಲೂ ಎಚ್ಚರ. "ಬ್ಯಾಂಕಲ್ಲಿ ಕೆಲಸ ಮಾಡ್ತಿದ್ದೀನಿ" ಅಂತ ಉದ್ಯೋಗ ಹೇಳುವಾಗ "ತ್ರಬಾಹೊ ಎನ್ ಉನ್ ಬಾಂಕೊ". "ಎಸ್ತೊಯ್ ತ್ರಬಹಾಂದೊ ಎನ್ ಉನ್ ಬಾಂಕೊ" ತಪ್ಪಲ್ಲ, ಆದರೆ ಸದ್ಯಕ್ಕೆ, ತಾತ್ಕಾಲಿಕವಾಗಿ ಅನ್ನುವ ವಾಸನೆ ಬರುತ್ತದೆ. ಸಂದರ್ಶನದಲ್ಲಿ ಹಾಗೆ ಹೇಳಿದರೆ ಬೇಗ ಬಿಡುತ್ತಾರೇನೋ ಅಂದುಕೊಂಡಾರು.

## ಸ್ವಲ್ಪ ಕಲಿತವರ ಪ್ರಶ್ನೆಗಳು

"ಹಿ ಈಸ್ ಸಿಟ್ಟಿಂಗ್‌ಗೆ ಎಸ್ತಾ ಸೆಂತಾಂದೊ ಅಂದೆ, ತಪ್ಪು ಅಂತಾರೆ. ಸಿಟ್ಟಿಂಗ್ ಅಂದ್ರೆ ಇಂಗ್ ಅಲ್ವಾ?"

ಇಲ್ಲಿ ಇಂಗ್ಲಿಷ್ ಪಕ್ಕಾ ದಾರಿ ತಪ್ಪಿಸುತ್ತದೆ, ಕನ್ನಡ ಪಕ್ಕಾ ದಾರಿ ತೋರಿಸುತ್ತದೆ. ಒಬ್ಬ ಕುರ್ಚಿ ಮೇಲೆ ಆರಾಮಾಗಿ ಇದ್ದಾನೆ ಅಂತಿಟ್ಟುಕೊಳ್ಳಿ. ಕನ್ನಡದಲ್ಲಿ "ಕೂತ್ಕೊಳ್ತಿದ್ದಾನೆ" ಅಂತೀರಾ? ಇಲ್ಲ, "ಕೂತಿದ್ದಾನೆ". ಕೂರುವ ಕೆಲಸ ಮುಗಿದಿದೆ, ಅದರ ಫಲವಾಗಿ ಹಾಗೆ ಇದ್ದಾನೆ. ಸ್ಪ್ಯಾನಿಷ್‌ನಲ್ಲೂ ಅದೇ ಯೋಚನೆ: "ಎಸ್ತಾ ಸೆಂತಾದೊ", ಮುಗಿದ ಕ್ರಿಯೆಯ ರೂಪ. ಕುರ್ಚಿ ಎಳೆದುಕೊಂಡು ಮೊಣಕಾಲು ಬಗ್ಗಿಸುತ್ತಿರುವ ಆ ಎರಡು ಸೆಕೆಂಡಿಗೆ ಮಾತ್ರ "ಸೆ ಎಸ್ತಾ ಸೆಂತಾಂದೊ".

ಹಾಗೇ ಮಲಗಿದ್ದಾಳೆ ಅಂದರೆ "ಎಸ್ತಾ ಅಕೊಸ್ತಾದಾ". ಗೋಡೆಗೆ ಒರಗಿದ್ದಾನೆ, "ಎಸ್ತಾ ಅಪೊಯಾದೊ". ಫೋಟೋ ನೇತಾಡುತ್ತಿದೆ ಅಂತ ಇಂಗ್ಲಿಷ್ ಹೇಳುವ ಕಡೆ ಸ್ಪ್ಯಾನಿಷ್ "ಎಸ್ತಾ ಕೊಲ್ಗಾದಾ" ಅನ್ನುತ್ತದೆ, ನಾವು "ನೇತುಹಾಕಿದೆ" ಅಂದ ಹಾಗೆ. ನಿಂತಿದ್ದಾನೆ ಅನ್ನುವುದಕ್ಕೆ ಸ್ಪೇನ್‌ನಲ್ಲಿ "ಎಸ್ತಾ ದೆ ಪಿಯೆ", ಲ್ಯಾಟಿನ್ ಅಮೆರಿಕದಲ್ಲಿ "ಎಸ್ತಾ ಪರಾದೊ" ಜಾಸ್ತಿ. ಗಮನಿಸಿ, ಈ ರೂಪಗಳು ಹೆರುಂದಿಯೊ ಅಲ್ಲವಾದ್ದರಿಂದ ಗಂಡು ಹೆಣ್ಣಿಗೆ ಬದಲಾಗುತ್ತವೆ: ಅವನು ಸೆಂತಾದೊ, ಅವಳು ಸೆಂತಾದಾ, ಅವರೆಲ್ಲ ಸೆಂತಾದೊಸ್.

ಬಟ್ಟೆಯ ವಿಷಯವೂ ಹತ್ತಿರದ್ದೇ. "ಕೆಂಪು ಶರ್ಟ್ ಹಾಕ್ಕೊಂಡಿದ್ದಾನೆ" ಅನ್ನುವುದಕ್ಕೆ "ಯೇಬಾ ಉನಾ ಕಮೀಸಾ ರೋಹಾ". "ವೇರಿಂಗ್" ಅಂತ ನೆನಪಿಸಿಕೊಂಡು "ಎಸ್ತಾ ಯೆಬಾಂದೊ" ಅಂದರೆ ಅವನು ಶರ್ಟನ್ನು ಎಲ್ಲಿಗೋ ಒಯ್ಯುತ್ತಿದ್ದಾನೆ ಅಂತ ಕೇಳಿಸುತ್ತದೆ.

"ಥ್ಯಾಂಕ್ಸ್ ಫಾರ್ ಕಮಿಂಗ್, ಗ್ರಾಸಿಯಾಸ್ ಪೊರ್ ಬಿನಿಯೆಂದೊ. ಪದಕ್ಕೆ ಪದ ಸರಿಯಾಗಿದೆ, ಆದ್ರೂ ತಪ್ಪಾ?"

ಪದಕ್ಕೆ ಪದ ಸರಿ ಇದೆ ಅಂತಲೇ ತಪ್ಪು. ಪೊರ್, ದೆ, ಸಿನ್, ಪಾರಾ, ಆ ಇಂಥ ಪುಟ್ಟ ಪದಗಳ ಹಿಂದೆ ಹೆರುಂದಿಯೊ ಬರುವುದಿಲ್ಲ, ಇನ್ಫಿನಿಟಿವ್ ಬರುತ್ತದೆ. "ಗ್ರಾಸಿಯಾಸ್ ಪೊರ್ ಬೆನೀರ್". ಊಟಕ್ಕೆ ಮುಂಚೆ, "ಆಂತೆಸ್ ದೆ ಕೊಮೇರ್". ಏನೂ ಹೇಳದೆ ಹೋದ, "ಸೆ ಫ್ವೆ ಸಿನ್ ದೆಸೀರ್ ನಾದಾ". ಸಿಗರೇಟು ಸೇದುವುದನ್ನು ಬಿಟ್ಟೆ, "ದೆಹೆ ದೆ ಫುಮಾರ್".

ಕನ್ನಡದಲ್ಲಿ ಇಲ್ಲೆಲ್ಲ "-ತ್ತಾ" ಬರುವುದೇ ಇಲ್ಲ ಅನ್ನುವುದನ್ನು ನೋಡಿ. "ಹೇಳುತ್ತಾ ಇಲ್ಲದೆ" ಅಂತ ಯಾರೂ ಅನ್ನುವುದಿಲ್ಲ.

"ಬೈ ಸ್ಟಡಿಯಿಂಗ್" ಮಾತ್ರ ಇದಕ್ಕೆ ಉಲ್ಟಾ. ಓದಿ ಪಾಸಾದ ಅನ್ನುವುದಕ್ಕೆ "ಅಪ್ರೊಬೊ ಎಸ್ತುದಿಯಾಂದೊ", ಪುಟ್ಟ ಪದವೇ ಇಲ್ಲದೆ ಬರೀ ಹೆರುಂದಿಯೊ. ಹೇಗೆ ಪಾಸಾದ ಅಂತ ಕೇಳಿದರೆ ಅದು ಉತ್ತರ. "ಹೇಗೆ?" ಅನ್ನುವ ಪ್ರಶ್ನೆಗೆ ಉತ್ತರವಾದರೆ ಹೆರುಂದಿಯೊ ಹಾಕಲು ಹೆದರಬೇಕಾಗಿಲ್ಲ.

"ಎರಡು ವರ್ಷದಿಂದ ಸ್ಪ್ಯಾನಿಷ್ ಕಲೀತಿದ್ದೀನಿ. ಹ್ಯಾವ್ ಬೀನ್ ಲರ್ನಿಂಗ್ ಅನ್ನೋದನ್ನ ಹೇಗೆ ತರೋದು?"

"ಹ್ಯಾವ್ ಬೀನ್" ಅನ್ನು ತರಬೇಡಿ, ಅಲ್ಲೇ ಬಿಡಿ. "ಯೇಬೊ ದೊಸ್ ಆನ್ಯೊಸ್ ಎಸ್ತುದಿಯಾಂದೊ ಎಸ್ಪಾನ್ಯೊಲ್". ಯೆಬಾರ್ ಅಂದರೆ ಹೊತ್ತೊಯ್ಯುವುದು, ಇಲ್ಲಿ ಕಾಲವನ್ನು ಹೊತ್ತುಕೊಂಡು ಬಂದಿದ್ದೀರಿ. ಮೊದಲು ಯೇಬೊ, ಆಮೇಲೆ ಎಷ್ಟು ಕಾಲ, ಆಮೇಲೆ ಹೆರುಂದಿಯೊ. ನಡುವೆ "ಪೊರ್" ಬೇಡ, "ದೆಸ್ದೆ" ಬೇಡ.

ಬೇರೆ ದಾರಿಯೂ ಇದೆ: "ಎಸ್ತುದಿಯೊ ಎಸ್ಪಾನ್ಯೊಲ್ ದೆಸ್ದೆ ಆಸೆ ದೊಸ್ ಆನ್ಯೊಸ್". ಇದು ನಮ್ಮ "ಎರಡು ವರ್ಷದಿಂದ" ಅನ್ನುವುದಕ್ಕೆ ತೀರಾ ಹತ್ತಿರ, ಕ್ರಿಯಾಪದವೂ ವರ್ತಮಾನದಲ್ಲೇ ಇದೆ. ಮೆಕ್ಸಿಕೊ ಕಡೆ ಯೇಬೊ ಬದಲು "ತೆಂಗೊ ದೊಸ್ ಆನ್ಯೊಸ್ ಎಸ್ತುದಿಯಾಂದೊ" ಅನ್ನುವುದನ್ನೂ ಕೇಳುತ್ತೀರಿ.

ಇಲ್ಲ ಅನ್ನುವಾಗ ಹೆರುಂದಿಯೊ ಜಾಗಕ್ಕೆ "ಸಿನ್" ಬರುತ್ತದೆ. ಎರಡು ವರ್ಷದಿಂದ ಸೇದಿಲ್ಲ, "ಯೇಬೊ ದೊಸ್ ಆನ್ಯೊಸ್ ಸಿನ್ ಫುಮಾರ್". ಹಿಂದಿನ ಕಾಲಕ್ಕೆ "ಯೆಬಾಬಾ" ಮಾತ್ರ. ಆ ಹೊತ್ತಿಗೆ ಒಂದು ಗಂಟೆಯಿಂದ ಕಾಯುತ್ತಿದ್ದೆ, "ಯೆಬಾಬಾ ಉನಾ ಓರಾ ಎಸ್ಪೆರಾಂದೊ". ಈ ಅರ್ಥದಲ್ಲಿ "ಯೆಬೆ" ಅನ್ನುವ ಮುಗಿದ ಭೂತಕಾಲ ನಡೆಯುವುದಿಲ್ಲ.

"ಎಸ್ತಾಬಾ ಎಸ್ಪೆರಾಂದೊ, ಎಸ್ತುಬೆ ಎಸ್ಪೆರಾಂದೊ. ಎರಡೂ ಕಾಯ್ತಿದ್ದೆ ತಾನೇ? ಯಾವುದನ್ನ ಯಾವಾಗ?"

ಹೌದು, ಕನ್ನಡದಲ್ಲಿ ಎರಡಕ್ಕೂ "ಕಾಯ್ತಿದ್ದೆ" ಸಾಕು, ಇಂಗ್ಲಿಷ್‌ಗೂ ಒಂದೇ. ಇಲ್ಲಿ ಯಾವ ಭಾಷೆಯೂ ನಮ್ಮ ಸಹಾಯಕ್ಕೆ ಬರುವುದಿಲ್ಲ.

ಒಂದು ಕೆಲಸ ಸಾಗುತ್ತಿದ್ದಾಗ ಇನ್ನೊಂದು ನಡುವೆ ನುಗ್ಗಿತು ಅನ್ನುವಾಗ ಎಸ್ತಾಬಾ. ನೀನು ಫೋನ್ ಮಾಡಿದಾಗ ಅಡುಗೆ ಮಾಡ್ತಿದ್ದೆ: "ಎಸ್ತಾಬಾ ಕೊಸಿನಾಂದೊ ಕ್ವಾಂದೊ ಯಮಾಸ್ತೆ". ಅಡುಗೆ ಯಾವಾಗ ಮುಗಿಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಪೂರ್ತಿ ಅವಧಿಯನ್ನು ಅಳೆದು ಮುಚ್ಚಿ ಹೇಳುವಾಗ ಎಸ್ತುಬೆ. ಎರಡು ಗಂಟೆ ಕಾಯ್ತಾ ಇದ್ದೆ: "ಎಸ್ತುಬೆ ಎಸ್ಪೆರಾಂದೊ ದೊಸ್ ಓರಾಸ್". ಅಲ್ಲಿಗೆ ಕಾಯುವುದು ಮುಗಿಯಿತು.

ವಾಕ್ಯದಲ್ಲಿ "ಇಷ್ಟು ಹೊತ್ತು", "ಇಡೀ ದಿನ", "ಐದರವರೆಗೆ" ಅಂತ ಗಡಿ ಹಾಕಿದ್ದರೆ ಎಸ್ತುಬೆ ಸರಿಹೋಗುತ್ತದೆ. ಸುಮ್ನೆ ಹಿನ್ನೆಲೆ ಹೇಳುತ್ತಿದ್ದರೆ ಎಸ್ತಾಬಾ. ಇಂಗ್ಲಿಷ್‌ನ "ವಾಸ್ ವೇಟಿಂಗ್" ನೋಡಿ ಕಣ್ಣುಮುಚ್ಚಿ ಎಸ್ತಾಬಾ ಹಾಕುವುದು ಕಲಿಯುವವರಲ್ಲಿ ತುಂಬ ಸಾಮಾನ್ಯ.

## ಆಳಕ್ಕಿಳಿದವರ ಪ್ರಶ್ನೆಗಳು

"ಎ ಬಾಕ್ಸ್ ಕಂಟೇನಿಂಗ್ ಬುಕ್ಸ್ ಅನ್ನೋಕೆ ಉನಾ ಕಾಹಾ ಕೊಂತೆನಿಯೆಂದೊ ಲೀಬ್ರೊಸ್ ಅಂದ್ರೆ ಯಾಕೆ ಕೆಂಪು ಗೆರೆ ಎಳೀತಾರೆ? ಪೇಪರಲ್ಲಿ ನೋಡಿದ್ದೀನಿ!"

ಪೇಪರಲ್ಲಿ ನೋಡಿರುತ್ತೀರಿ, ನಿಜ. ಆದರೂ ಕೆಂಪು ಗೆರೆ ನ್ಯಾಯವಾದದ್ದು. "ಪುಸ್ತಕ ಇರುವ ಪೆಟ್ಟಿಗೆ" ಅನ್ನುವಾಗ "ಇರುವ" ಪೆಟ್ಟಿಗೆಯನ್ನು ಬಣ್ಣಿಸುತ್ತಿದೆ. ಹೆರುಂದಿಯೊಗೆ ಕ್ರಿಯೆಯನ್ನು ಬಣ್ಣಿಸುವುದು ಗೊತ್ತು, ವಸ್ತುವನ್ನು ಬಣ್ಣಿಸುವುದು ಗೊತ್ತಿಲ್ಲ. ಹಾಗಾಗಿ "ಉನಾ ಕಾಹಾ ಕೆ ಕೊಂತಿಯೆನೆ ಲೀಬ್ರೊಸ್", ಅಥವಾ ಇನ್ನೂ ಚಿಕ್ಕದಾಗಿ "ಉನಾ ಕಾಹಾ ಕೊನ್ ಲೀಬ್ರೊಸ್". ಸರ್ಕಾರಿ ಬರವಣಿಗೆಯಲ್ಲಿ "ಇಂಥದ್ದನ್ನು ನಿಯಂತ್ರಿಸುವ ಕಾನೂನು" ಅನ್ನುವ ಕಡೆ ಹೆರುಂದಿಯೊ ತುಂಬಿರುತ್ತದೆ. ಸ್ಪೇನ್‌ನ ಸರ್ಕಾರಿ ಗೆಜೆಟ್‌ನ ಹೆಸರಿಟ್ಟು ಅದನ್ನು "ಹೆರುಂದಿಯೊ ದೆಲ್ ಬೊಲೆತೀನ್ ಒಫಿಸಿಯಾಲ್" ಅಂತ ಅಲ್ಲಿನ ಮೇಷ್ಟ್ರುಗಳು ಗೇಲಿ ಮಾಡುತ್ತಾರೆ.

ವಿನಾಯಿತಿ ಕೆಲವು ಇವೆ. ಕುದಿಯುವ ನೀರು "ಆಗ್ವಾ ಇರ್ಬಿಯೆಂದೊ", ಉರಿಯುತ್ತಿರುವುದಕ್ಕೆ "ಅರ್ದಿಯೆಂದೊ". ಇವು ವಿಶೇಷಣದ ಹಾಗೇ ನೆಲೆಯೂರಿಬಿಟ್ಟಿವೆ. ನೋಡುವುದು, ಕೇಳುವುದು ಇಂಥ ಕ್ರಿಯಾಪದದ ಜೊತೆ ಕೂಡ ಸರಿ: "ಬಿ ಆ ಲಾ ನಿನ್ಯಾ ಕೊರ್ರಿಯೆಂದೊ", ಹುಡುಗಿ ಓಡುತ್ತಿರುವುದನ್ನು ನೋಡಿದೆ. ಅಲ್ಲಿ ಹುಡುಗಿಯ ಗುಣ ಹೇಳುತ್ತಿಲ್ಲ, ಕಣ್ಣಿಗೆ ಬಿದ್ದ ಕೆಲಸ ಹೇಳುತ್ತಿದ್ದೀರಿ.

ಚಿತ್ರದ ಶೀರ್ಷಿಕೆ ಮತ್ತು ಫೋಟೋ ಕೆಳಗಿನ ಸಾಲುಗಳಿಗೂ ರಿಯಾಯಿತಿ ಇದೆ. ವೆಲಾಸ್ಕೆಸ್ 1618ರಲ್ಲಿ ಬರೆದ ಒಂದು ಚಿತ್ರ ಈಗ ಎಡಿನ್‌ಬರೋದಲ್ಲಿದೆ. ಮಣ್ಣಿನ ಬಾಣಲೆಯಲ್ಲಿ ಮೊಟ್ಟೆಯ ಬಿಳಿ ಆಗಷ್ಟೇ ಗಟ್ಟಿಯಾಗುತ್ತಿದೆ, ಅಜ್ಜಿ ಕೈಯಲ್ಲಿ ಮರದ ಸೌಟು. ಅದರ ಹೆಸರು "ಬಿಯೇಹಾ ಫ್ರಿಯೆಂದೊ ವೇಬೊಸ್", ಮೊಟ್ಟೆ ಕರಿಯುತ್ತಿರುವ ಮುದುಕಿ. ಅಲ್ಲಿ ನಾಮಪದದ ಪಕ್ಕ ಹೆರುಂದಿಯೊ ಕೂತಿದೆ, ಯಾರೂ ತಕರಾರು ಮಾಡುವುದಿಲ್ಲ. ಅದೇ ಅಜ್ಜಿಯನ್ನು ವಾಕ್ಯದೊಳಗೆ ತಂದು "ಮೊಟ್ಟೆ ಕರಿಯುತ್ತಿರುವ ಅಜ್ಜಿ ನನ್ನ ನೆರೆಮನೆಯವರು" ಅನ್ನುವುದಾದರೆ ಮಾತ್ರ "ಕೆ" ಬೇಕೇ ಬೇಕು.

"ನಾವು ಮಾಡಿ, ಹೋಗಿ, ಬಂದು ಅಂತ ವಾಕ್ಯ ಪೋಣಿಸ್ತೀವಲ್ಲ, ಅದಕ್ಕೆಲ್ಲ ಹೆರುಂದಿಯೊ ಹಾಕಿದ್ರೆ ಆಯ್ತಾ?"

ಕನ್ನಡ ಕೈಕೊಡುವ ಎರಡನೇ ಜಾಗ, ಮತ್ತು ದೊಡ್ಡದು. ನಮ್ಮ "-ಇ", "-ದು" ಒಂದಾದ ಮೇಲೊಂದು ಕೆಲಸವನ್ನು ಸರಾಗವಾಗಿ ಪೋಣಿಸುತ್ತವೆ. ಹೆರುಂದಿಯೊ ಪೋಣಿಸುವುದಿಲ್ಲ. ಮುಖ್ಯ ಕೆಲಸದ ಜೊತೆಜೊತೆಗೇ ನಡೆಯುವುದನ್ನು ಹೇಳುತ್ತದೆ.

"ಬಾಗಿಲು ತೆಗೆದು ಒಳಗೆ ಬಂದ" ಅನ್ನುವುದು "ಅಬ್ರಿಯೊ ಲಾ ಪುಯೆರ್ತಾ ಇ ಎಂತ್ರೊ". ಎರಡು ಕ್ರಿಯಾಪದ, ನಡುವೆ "ಮತ್ತು". "ಮನೆಗೆ ಬಂದು ಫೋನ್ ಮಾಡಿದೆ" ಅನ್ನುವುದಕ್ಕೆ "ಆಲ್ ಯೆಗಾರ್ ಆ ಕಾಸಾ, ಯಮೆ". ಈ "ಆಲ್" ಜೊತೆಗಿನ ಇನ್ಫಿನಿಟಿವ್ ತುಂಬ ಉಪಯೋಗದ್ದು, ನಮ್ಮ "ಬರುತ್ತಿದ್ದ ಹಾಗೆ" ಅನ್ನುವುದಕ್ಕೆ ಸರಿಯಾಗಿ ಕೂರುತ್ತದೆ. ಊಟ ಮುಗಿಸಿ ಅನ್ನುವುದಕ್ಕೆ "ದೆಸ್ಪುಯೆಸ್ ದೆ ಕೊಮೇರ್". ಕಚೇರಿ ಕಾಗದದಲ್ಲಾದರೆ "ಅಬಿಯೆಂದೊ ತೆರ್ಮಿನಾದೊ", ಮುಗಿಸಿ ಆದ ಮೇಲೆ, ಅಂತಲೂ ಬರೆಯುತ್ತಾರೆ. ಮಾತಿನಲ್ಲಿ ಅದು ಭಾರ.

ಆಮೇಲೆ ಆದದ್ದನ್ನು ಹೆರುಂದಿಯೊದಲ್ಲಿ ಹೇಳುವುದು ಇನ್ನೂ ಕೆಟ್ಟದ್ದು. "ಸಲಮಾಂಕಾದಲ್ಲಿ ಓದಿ ಆಮೇಲೆ ಸೆವಿಯಾಗೆ ಹೋದ" ಅನ್ನುವುದನ್ನು "ಎಸ್ತುದಿಯೊ ಎನ್ ಸಲಮಾಂಕಾ, ಮುದಾಂದೊಸೆ ಲುಯೇಗೊ ಆ ಸೆಬಿಯಾ" ಅಂತ ಬರೆಯುತ್ತಾರೆ. ಓದಿದ್ದು ಮುಗಿದು ಊರು ಬದಲಾಯಿಸಿದ್ದು, ಎರಡೂ ಒಟ್ಟಿಗೆ ನಡೆದದ್ದಲ್ಲ. "ಇ ಲುಯೇಗೊ ಸೆ ಮುದೊ ಆ ಸೆಬಿಯಾ" ಅನ್ನಿ. ಕಾರು ಮರಕ್ಕೆ ಗುದ್ದಿ ಚಾಲಕ ಅಲ್ಲೇ ಸತ್ತ ಅನ್ನುವಂಥ ಸುದ್ದಿಯಲ್ಲಿ ಎರಡರ ನಡುವೆ ಬಿಡುವೇ ಇಲ್ಲ, ಅದಕ್ಕೆ ಇದು ಕಾರಣ. ಅಂಥ ಕಡೆ ಸ್ಪ್ಯಾನಿಷ್ ಅಕಾಡೆಮಿಯೂ ಹೆರುಂದಿಯೊವನ್ನು ಒಪ್ಪಿಕೊಳ್ಳುತ್ತದೆ. ಆದರೂ ಕಲಿಯುವ ಹಂತದಲ್ಲಿ "ಇ" ಹಾಕಿ ಎರಡು ಕ್ರಿಯಾಪದ ಬರೆದರೆ ಯಾರೂ ಬೆರಳು ತೋರಿಸುವುದಿಲ್ಲ.

"ಬೆಂಗೊ ದಿಸಿಯೆಂದೊ, ಆಂದಾ ದಿಸಿಯೆಂದೊ, ಬಾ ಕಂಬಿಯಾಂದೊ. ಇವೆಲ್ಲಾ ಎಸ್ತಾರ್ ಥರಾನೇನಾ? ಇಂಗ್ಲಿಷ್ ಅನುವಾದದಲ್ಲಿ ವ್ಯತ್ಯಾಸನೇ ಕಾಣಲ್ಲ"

ಇಂಗ್ಲಿಷ್‌ನಲ್ಲಿ ಕಾಣುವುದಿಲ್ಲ, ಕನ್ನಡದಲ್ಲಿ ಢಾಳಾಗಿ ಕಾಣುತ್ತದೆ. ನನಗೆ ಈ ಭಾಷೆಯಲ್ಲಿ ತುಂಬ ಇಷ್ಟವಾದ ಮೂಲೆ ಇದು.

"ಬೆಂಗೊ ದಿಸಿಯೆಂದೊಲೊ ದೆಸ್ದೆ ಆಸೆ ಆನ್ಯೊಸ್" ಅಂದರೆ ವರ್ಷಗಳಿಂದ ಹೇಳುತ್ತಾ ಬಂದಿದ್ದೀನಿ. ಬೆನೀರ್ ಅಂದರೆ ಬರುವುದೇ! ಒಂದೇ ವ್ಯತ್ಯಾಸ, ನಾವು "ಬಂದಿದ್ದೀನಿ" ಅನ್ನುವ ಕಡೆ ಅವರು "ಬೆಂಗೊ" ಅಂತ ವರ್ತಮಾನದಲ್ಲಿಡುತ್ತಾರೆ. "ಎಲ್ ಪುಯೇಬ್ಲೊ ಬಾ ಕಂಬಿಯಾಂದೊ" ಅಂದರೆ ಊರು ಬದಲಾಗುತ್ತಾ ಹೋಗ್ತಿದೆ, ಮೆಲ್ಲಗೆ, ಹಂತ ಹಂತವಾಗಿ. ಬಾ ಅಂದರೆ ಹೋಗುತ್ತದೆ. "ಬೆ ಲೆಯೆಂದೊ", ನೀನು ಓದ್ತಾ ಇರು, ಶುರು ಮಾಡ್ಕೋ, ನಾನು ಬರ್ತೀನಿ ಅನ್ನುವ ಧಾಟಿ. "ಆಂದಾ ದಿಸಿಯೆಂದೊ ಕೆ ಎಸ್ ರೀಕೊ" ಅಂದರೆ ತಾನು ಸಾಹುಕಾರ ಅಂತ ಹೇಳ್ಕೊಂಡು ತಿರುಗ್ತಿದ್ದಾನೆ, ಆ ಸಣ್ಣ ವ್ಯಂಗ್ಯ ಸಮೇತ. ಆಂದಾರ್ ಅಂದರೆ ನಡೆದಾಡುವುದು.

"ಸೀಗೆ ಯೊಬಿಯೆಂದೊ" ಅಂದರೆ ಮಳೆ ಬರ್ತಾನೇ ಇದೆ. ಸೆಗೀರ್ ಜೊತೆ "ಆ" ಬರುವುದಿಲ್ಲ, ನೇರ ಹೆರುಂದಿಯೊ. ಇನ್ನೂ ಅರ್ಥವಾಗಿಲ್ಲ ಅನ್ನುವುದಕ್ಕೆ "ಸೀಗೊ ಸಿನ್ ಎಂತೆಂದೇರ್". ಕೊನೆಗೆ ಹಣ ನಾನೇ ಕೊಡಬೇಕಾಯ್ತು ಅನ್ನುವುದಕ್ಕೆ "ಅಕಬೆ ಪಗಾಂದೊ ಯೊ". ಇಲ್ಲಿ ಜಾಗ್ರತೆ: ಅಕಬಾರ್ ಜೊತೆ "ದೆ" ಮತ್ತು ಇನ್ಫಿನಿಟಿವ್ ಬಂದರೆ ಅರ್ಥವೇ ಬೇರೆ. "ಅಕಾಬೊ ದೆ ಪಗಾರ್", ಈಗಷ್ಟೇ ಹಣ ಕೊಟ್ಟೆ.

"ಸ್ಪೇನ್‌ನ ಒಂದು ಕೋರ್ಸಿಗೆ ಈಮೇಲ್ ಬರೆದೆ, ಸಾಲು ಸಾಲಿಗೂ ತಿದ್ದಿದ್ದಾರೆ. ಏನು ತಪ್ಪಾಯ್ತು ಹೇಳ್ತೀರಾ?"

ಈ ಥರದ ಕಾಗದ ತುಂಬ ಸಲ ಕಣ್ಣಿಗೆ ಬೀಳುತ್ತದೆ. ನೀವು ಬರೆದದ್ದು ಹೀಗಿತ್ತು: "ಎಸ್ತೊಯ್ ಎಸ್ಕ್ರಿಬಿಯೆಂದೊ ಪಾರಾ ಪ್ರೆಗುಂತಾಂದೊ ಪೊರ್ ಎಲ್ ಕುರ್ಸೊ ಎಂಪೆಸಾಂದೊ ಎನ್ ಸೆಪ್ತಿಯೆಂಬ್ರೆ. ಎಸ್ತೊಯ್ ಅದ್ಹುಂತಾಂದೊ ಮಿ ಕುರ್ರೀಕುಲುಮ್. ಎಸ್ತೊಯ್ ಎಸ್ಪೆರಾಂದೊ ಪೊರ್ ಎಸ್ಕುಚಾಂದೊ ದೆ ಉಸ್ತೆದ್." ಮೂರು ವಾಕ್ಯದಲ್ಲಿ ಆರು ಹೆರುಂದಿಯೊ. ಸರಿಯಾದ ಕಾಗದದಲ್ಲಿ ಒಂದೂ ಇರುವುದಿಲ್ಲ.

"ಎಸ್ತೊಯ್ ಎಸ್ಕ್ರಿಬಿಯೆಂದೊ" ವ್ಯಾಕರಣದ ತಪ್ಪಲ್ಲ. ಆದರೆ ಸ್ಪ್ಯಾನಿಷ್ ಕಾಗದ "ಲೆ ಎಸ್ಕ್ರೀಬೊ" ಅಂತ ಶುರುವಾಗುತ್ತದೆ. "ಪಾರಾ" ಪುಟ್ಟ ಪದ, ಅದರ ಹಿಂದೆ "ಪ್ರೆಗುಂತಾರ್". "ಸೆಪ್ಟೆಂಬರಲ್ಲಿ ಶುರುವಾಗುವ ಕೋರ್ಸ್" ಅನ್ನುವಾಗ "-ವ" ಇದೆ, ಕೋರ್ಸನ್ನು ಬಣ್ಣಿಸುತ್ತಿದೆ, ಆದ್ದರಿಂದ "ಎಲ್ ಕುರ್ಸೊ ಕೆ ಎಂಪಿಯೇಸಾ". ಲಗತ್ತಿಸಿದ್ದನ್ನು ಹೇಳಲು ಬರೀ "ಅದ್ಹುಂತೊ". ಕೊನೆಯ ಸಾಲು ಇಂಗ್ಲಿಷ್‌ನ "ಹಿಯರಿಂಗ್ ಫ್ರಮ್ ಯು" ಪದಕ್ಕೆ ಪದ ಇಳಿಸಿದ್ದು. ಎಸ್ಪೆರಾರ್‌ಗೆ "ಪೊರ್" ಬೇಕಿಲ್ಲ, ಉತ್ತರ ಬರುವುದಕ್ಕೂ ಕಿವಿಯಿಂದ ಆಲಿಸುವುದಕ್ಕೂ ಸ್ಪ್ಯಾನಿಷ್‌ನಲ್ಲಿ ಸಂಬಂಧ ಇಲ್ಲ. ಅಲ್ಲಿ ರೂಢಿಯ ಮಾತೇ ಇದೆ.

ತಿದ್ದಿದ ಕಾಗದ: "ಲೆ ಎಸ್ಕ್ರೀಬೊ ಪಾರಾ ಪ್ರೆಗುಂತಾರ್ ಪೊರ್ ಎಲ್ ಕುರ್ಸೊ ಕೆ ಎಂಪಿಯೇಸಾ ಎನ್ ಸೆಪ್ತಿಯೆಂಬ್ರೆ. ಅದ್ಹುಂತೊ ಮಿ ಕುರ್ರೀಕುಲುಮ್. ಕೇದೊ ಆ ಲಾ ಎಸ್ಪೇರಾ ದೆ ಸು ರೆಸ್ಪುಯೆಸ್ತಾ."

ಕಾಲ್ ಸೆಂಟರ್ ಭಾಷೆಯಲ್ಲಿ "ಲೆ ಎಸ್ತರೇಮೊಸ್ ಎಂಬಿಯಾಂದೊ", ಕಳಿಸುತ್ತಾ ಇರುತ್ತೇವೆ, ಅನ್ನುವುದು ಈಚೆಗೆ ಕೇಳಿಬರುತ್ತದೆ. ಒಂದೇ ಸಲ ಕಳಿಸುವ ಬಿಲ್ಲಿಗೆ ಕಳಿಸುತ್ತಾ ಇರುವುದು ಏನು ಬಂತು? "ಲೆ ಎಂಬಿಯರೇಮೊಸ್" ಸಾಕು.

"ಎಕ್ವಡಾರ್‌ನ ಗೆಳತಿ ದಾಮೆ ಪಸಾಂದೊ ಲಾ ಸಾಲ್ ಅಂತಾಳೆ. ಅವಳಿಗೇ ವ್ಯಾಕರಣ ಬರಲ್ವಾ?"

ಚೆನ್ನಾಗಿ ಬರುತ್ತದೆ, ಅವಳ ಊರಿನ ವ್ಯಾಕರಣ ಅದು. ಎಕ್ವಡಾರ್‌ನ ಆಂಡೀಸ್ ಬೆಟ್ಟದ ಸೀಮೆಯಲ್ಲಿ ದಾರ್, ಅಂದರೆ ಕೊಡುವುದು, ಅದರ ಜೊತೆ ಹೆರುಂದಿಯೊ ಹಾಕಿ ನಯವಾಗಿ ಕೇಳುತ್ತಾರೆ. ಉಪ್ಪು ಈ ಕಡೆ ಸ್ವಲ್ಪ ದಾಟಿಸಿಕೊಡು ಅಂತ ಅವಳು ಕೇಳಿದ್ದು. "ದೆಮೆ ಕೊಂಪ್ರಾಂದೊ ಪಾನ್" ಅಂದರೆ ಬ್ರೆಡ್ ತಂದ್ಕೊಡಿ. ಅಲ್ಲಿನ ಕಿಚ್ವಾ ಭಾಷೆಯ ಪ್ರಭಾವದಿಂದ ಬಂದ ರೂಢಿ ಇದು. ಕಿಚ್ವಾದಲ್ಲೂ ನಮ್ಮ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಒಂದು ಕ್ರಿಯೆಗೆ ಇನ್ನೊಂದು ಅಂಟಿಕೊಳ್ಳುತ್ತದೆ. ಅದಕ್ಕೇ ನಮಗೆ "ಮಾಡ್ಕೊಡಿ", "ತಂದ್ಕೊಡಿ" ಅಂದಷ್ಟೇ ಸಹಜವಾಗಿ ಕೇಳಿಸುತ್ತದೆ. ಕೀಟೋದಲ್ಲಿದ್ದರೆ ಧಾರಾಳವಾಗಿ ಬಳಸಿ. ಮದ್ರಿದ್‌ನ ಹೋಟೆಲಿನಲ್ಲಿ ಮಾತ್ರ "ಮೆ ಪಾಸಾಸ್ ಲಾ ಸಾಲ್?" ಅಂತಲೇ ಕೇಳಿ.